ಸಂಘದ ಶುಲ್ಕ ಮತ್ತು ದರ್ಶಿನಿಯ ಗಲ್ಲಾಪೆಟ್ಟಿಗೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಸಣ್ಣ ವ್ಯಾಪಾರವನ್ನೋ ಸ್ವತಂತ್ರ ವೃತ್ತಿಯನ್ನೋ ನಡೆಸುವವರ ಮುಂದೆ ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದು ಸಂಘದ ರಸೀದಿ ಪುಸ್ತಕ ಬಂದು ನಿಲ್ಲುತ್ತದೆ. ಅದು ರಸ್ತೆಯ ವರ್ತಕರ ಸಂಘದ್ದಾಗಿರಬಹುದು, ಆಯಾ ಕಸುಬಿನ ನಗರಮಟ್ಟದ ಸಂಘದ್ದಾಗಿರಬಹುದು, ರಾಜ್ಯಮಟ್ಟದ ವಾಣಿಜ್ಯ ಮಹಾಸಂಸ್ಥೆಯದ್ದಾಗಿರಬಹುದು, ಅಥವಾ ವಾರಕ್ಕೊಮ್ಮೆ ಬೆಳಗಿನ ತಿಂಡಿಗೆ ಸೇರಿ ಪರಸ್ಪರ ಗಿರಾಕಿಗಳನ್ನು ಒದಗಿಸಿಕೊಳ್ಳುವ ಗುಂಪಿನದ್ದಾಗಿರಬಹುದು. ಎಲ್ಲವೂ ‘ಸದಸ್ಯತ್ವ’ ಎಂಬ ಒಂದೇ ಹೆಸರಿನಲ್ಲಿ ಹಣ ಕೇಳುತ್ತವೆಯಾದರೂ ಅವು ಮಾರುವ ಸರಕು ಒಂದೇ ಅಲ್ಲವಾದ್ದರಿಂದ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗ ಲೆಕ್ಕ ತಪ್ಪುತ್ತದೆ.

ಮೊದಲು ಬೇರ್ಪಡಿಸಬೇಕಾದದ್ದು ಶಾಸನಬದ್ಧ ನೋಂದಣಿಯನ್ನು. ಕಾನೂನೇ ರಚಿಸಿದ ಮತ್ತು ಹೆಸರು ದಾಖಲಾಗದೆ ವೃತ್ತಿ ನಡೆಸುವಂತಿಲ್ಲ ಎಂದು ಹೇಳುವ ಮಂಡಳಿಗೆ ಕಟ್ಟುವ ಹಣ ಪರವಾನಗಿಯ ಖರ್ಚೇ ಹೊರತು ಸಂಘದ ಶುಲ್ಕವಲ್ಲ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಡಿ ರಚನೆಯಾದ ವಾಸ್ತುಶಿಲ್ಪ ಪರಿಷತ್ತು ಅಂಥದ್ದು. ಅದರಲ್ಲಿ ನೋಂದಾಯಿಸಿಕೊಳ್ಳದವರು ‘ಆರ್ಕಿಟೆಕ್ಟ್’ ಎಂಬ ಹೆಸರಿನಲ್ಲಿ ವೃತ್ತಿ ನಡೆಸುವಂತಿಲ್ಲ. ಆದರೆ 1917ರಷ್ಟು ಹಳೆಯದಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸ್ವಯಂಪ್ರೇರಿತ ಸಂಘ, ಅದಕ್ಕೆ ಸೇರುವುದೂ ಬಿಡುವುದೂ ಅವರವರ ಆಯ್ಕೆ. ವೈದ್ಯರ ವಿಷಯದಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ 1928ರಲ್ಲಿ ಹುಟ್ಟಿದ ಭಾರತೀಯ ವೈದ್ಯಕೀಯ ಸಂಘಕ್ಕೂ ಇರುವುದು ಇದೇ ವ್ಯತ್ಯಾಸ. ಮೊದಲನೆಯದರಲ್ಲಿ ತೀರ್ಮಾನಿಸುವಂಥದ್ದು ಏನೂ ಇಲ್ಲ. ಪ್ರಶ್ನೆ ಏಳುವುದು ಎರಡನೆಯ ಬಗೆಯಲ್ಲಿ ಮಾತ್ರ.

ಈ ಪ್ರಶ್ನೆಯನ್ನು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಪರೀಕ್ಷಿಸಲು ದರ್ಶಿನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಿಂತು ತಿನ್ನುವ, ಟೋಕನ್ ಪಡೆದು ತಾನೇ ತಟ್ಟೆ ಎತ್ತಿಕೊಳ್ಳುವ ಈ ಬಗೆಯ ಹೋಟೆಲು 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಇಲ್ಲಿ ಒಬ್ಬ ಗಿರಾಕಿಯ ಬಿಲ್ಲು ಚಿಕ್ಕದು, ಗಿರಾಕಿಗಳ ಸಂಖ್ಯೆ ದೊಡ್ಡದು, ಉಳಿಯುವ ಲಾಭದ ಪಾಲು ತೆಳುವಾದದ್ದು. ಹೀಗಾಗಿ ಸಂಘಕ್ಕೆ ಕೊಟ್ಟ ಪ್ರತಿ ಸಾವಿರ ರೂಪಾಯಿಯನ್ನೂ ಎಷ್ಟು ಪ್ಲೇಟ್ ಇಡ್ಲಿಯ ಲಾಭದಿಂದ ತುಂಬಬೇಕೆಂದು ಲೆಕ್ಕ ಹಾಕಬಹುದು.

ಸಂಘಗಳಿಂದ ಸಿಗುವ ಲಾಭವನ್ನು ಎರಡಾಗಿ ಸೀಳಿ ನೋಡುವ ಕ್ರಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮಾನ್ಕರ್ ಓಲ್ಸನ್ 1965ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ವಿವರಿಸಿದ. ಒಂದು ಸಾಮೂಹಿಕ ಲಾಭ, ಅಂದರೆ ಸಂಘ ಹೋರಾಡಿ ಗಳಿಸಿದ್ದು ಸದಸ್ಯನಲ್ಲದವನಿಗೂ ತಾನಾಗಿಯೇ ಸಲ್ಲುವಂಥದ್ದು. ಇನ್ನೊಂದು ಮೀಸಲು ಲಾಭ, ಅಂದರೆ ಶುಲ್ಕ ಕಟ್ಟಿದವನಿಗೆ ಮಾತ್ರ ದೊರಕಿ ಉಳಿದವರಿಗೆ ತಪ್ಪುವಂಥದ್ದು. ವಾರ್ಷಿಕ ವರದಿಯ ಮೊದಲ ಪುಟಗಳಲ್ಲಿ ಸಂಘಗಳು ಹೆಮ್ಮೆಯಿಂದ ಪಟ್ಟಿಮಾಡುವ ಸಾಧನೆಗಳು ಬಹುತೇಕ ಮೊದಲ ಜಾತಿಯವು. ಅವು ಸುಳ್ಳಲ್ಲದಿರಬಹುದು, ದೊಡ್ಡವೂ ಆಗಿರಬಹುದು. ಆದರೆ ‘ಶುಲ್ಕ ಕಟ್ಟದಿದ್ದರೆ ಏನು ತಪ್ಪಿಹೋಗುತ್ತದೆ’ ಎಂಬ ಪ್ರಶ್ನೆಗೆ ಅವು ಉತ್ತರವಾಗಲಾರವು.

2017ರ ಜಿಎಸ್‌ಟಿ ಬದಲಾವಣೆ ಇದಕ್ಕೊಂದು ನಿದರ್ಶನ. ಆ ವರ್ಷದ ಜುಲೈಯಲ್ಲಿ ಹೊಸ ತೆರಿಗೆ ಬಂದಾಗ ಹವಾನಿಯಂತ್ರಣವಿಲ್ಲದ ಹೋಟೆಲುಗಳಿಗೆ ಶೇ. 12, ಹವಾನಿಯಂತ್ರಿತ ಹೋಟೆಲುಗಳಿಗೆ ಶೇ. 18 ಎಂದು ಗೊತ್ತುಮಾಡಲಾಗಿತ್ತು. ಹೋಟೆಲ್ ಉದ್ಯಮದ ಸಂಘಟನೆಗಳು ದೇಶದಾದ್ಯಂತ ಆಕ್ಷೇಪಿಸಿದವು, ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ದರ ಶೇ. 5ಕ್ಕೆ ಇಳಿಯಿತು. ಆ ಇಳಿಕೆ ಸಂಘದ ಸದಸ್ಯನ ಬಿಲ್ಲಿಗೆ ಎಷ್ಟೋ ಸಂಘದ ಮುಖವನ್ನೇ ಕಾಣದವನ ಬಿಲ್ಲಿಗೂ ಅಷ್ಟೇ ಅನ್ವಯಿಸಿತು. ಆದರೆ ಅದರ ಜೊತೆಗೆ ಬಂದ ಒಂದು ಷರತ್ತು ಮುಂದೆ ಸದಸ್ಯತ್ವ ಶುಲ್ಕದ ಲೆಕ್ಕವನ್ನೇ ಬದಲಿಸಿತು: ಶೇ. 5ರ ದರದಲ್ಲಿರುವ ಹೋಟೆಲು ತಾನು ಕೊಂಡ ಸರಕು ಮತ್ತು ಸೇವೆಗಳ ಮೇಲೆ ತೆತ್ತ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕನ್ನು, ಅಂದರೆ ಇನ್‌ಪುಟ್ ತೆರಿಗೆ ಜಮೆಯನ್ನು, ಕಳೆದುಕೊಂಡಿತು. ನೋಂದಾಯಿತ ಸಂಘವೊಂದು ಶುಲ್ಕದ ಮೇಲೆ ಶೇ. 18 ತೆರಿಗೆ ಸೇರಿಸಿ ರಸೀದಿ ಕೊಟ್ಟರೆ, ಬನಶಂಕರಿಯ ಯಂತ್ರಬಿಡಿಭಾಗ ತಯಾರಕನು ಆ ತೆರಿಗೆಯನ್ನು ಜಮೆ ಪಡೆಯಬಲ್ಲ, ಪಕ್ಕದ ರಸ್ತೆಯ ದರ್ಶಿನಿಗೆ ಅದು ಪೂರ್ತಿ ಖರ್ಚೇ.

ಎರಡನೆಯ ನಿದರ್ಶನ ಇನ್ನೂ ಹತ್ತಿರದ್ದು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ, ಜಿಎಸ್‌ಟಿ ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ, ಹೋಟೆಲಿನ ತಿಂಡಿಯೂ ಕಾನೂನಿನ ಕಣ್ಣಿಗೆ ಸೇವೆಯೇ. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರವಾದರೆ ಸಾಕು, 20 ಲಕ್ಷದ ಗೆರೆ ಮುಟ್ಟಿದಂತೆ. ಕಾಂಡಿಮೆಂಟ್ಸ್, ಬೇಕರಿ, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಲಾಯಿತು, ವರ್ತಕರ ಸಂಘಟನೆಗಳು ಜುಲೈ 25ಕ್ಕೆ ಬಂದ್‌ಗೆ ಕರೆಕೊಟ್ಟವು, ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿಗಳು ಅವರನ್ನು ಕರೆದು ಮಾತಾಡಿ, ಮುಂದೆ ನೋಂದಾಯಿಸಿಕೊಂಡು ತೆರಿಗೆ ಕಟ್ಟುವುದಾದರೆ ಹಳೆಯ ಬಾಕಿಗಾಗಿ ಒತ್ತಾಯಿಸುವುದಿಲ್ಲವೆಂಬ ಭರವಸೆ ಕೊಟ್ಟರು.

ಆ ಭರವಸೆ ಸಾಮೂಹಿಕ ಲಾಭ. ಸಂಘಕ್ಕೆ ಸೇರಿದವನಿಗೂ ಸೇರದವನಿಗೂ ಅದು ಒಂದೇ. ಆದರೆ ನೋಟಿಸು ಬಂದಿದ್ದು ಸಂಘದ ಹೆಸರಿಗಲ್ಲ, ಅಂಗಡಿಯ ಮಾಲೀಕನ ಹೆಸರಿಗೆ. ಅದಕ್ಕೆ ಉತ್ತರ ಬರೆಯುವಾಗ ಬ್ಯಾಂಕಿನ ಹಲವು ವರ್ಷಗಳ ವಿವರವನ್ನು ತೆಗೆದು, ಅದರಲ್ಲಿ ವ್ಯಾಪಾರದ ಹಣವೆಷ್ಟು, ನೆಂಟರಿಂದ ಬಂದ ಕೈಗಡವೆಷ್ಟು, ತೆರಿಗೆ ವಿನಾಯಿತಿಯುಳ್ಳ ಹಾಲು ಹಣ್ಣಿನಂಥ ಸರಕಿನ ಮಾರಾಟವೆಷ್ಟು ಎಂದು ಬಿಡಿಸಿ ತೋರಿಸಬೇಕಿತ್ತು. ಅಂಥ ವಾರದಲ್ಲಿ ಸಂಘದ ಕಚೇರಿಯಲ್ಲಿ ಕುಳಿತು ಕಾಗದ ನೋಡಿ ಉತ್ತರದ ಕರಡು ಬರೆದುಕೊಡುವ ತೆರಿಗೆ ಸಲಹೆಗಾರ ಸಿಗುತ್ತಾನೋ ಇಲ್ಲವೋ ಎಂಬುದು ಮೀಸಲು ಲಾಭದ ಪ್ರಶ್ನೆ. ಬಂದ್‌ಗೆ ಕರೆಕೊಟ್ಟ ಸಂಘ ಮತ್ತು ಕರಡು ಬರೆದುಕೊಟ್ಟ ಸಂಘ ಒಂದೇ ಆಗಿರಬೇಕಾದ ನಿಯಮವೇನೂ ಇಲ್ಲ.

ಹೀಗಾಗಿ ಸೇರುವ ಮುನ್ನ ಪದಾಧಿಕಾರಿಗಳನ್ನು ಕೇಳಬೇಕಾದದ್ದು ಸಾಧನೆಯ ಪಟ್ಟಿಯನ್ನಲ್ಲ, ಸಾಮಾನ್ಯ ಮಂಗಳವಾರದ ದಿನಚರಿಯನ್ನು: ಕಚೇರಿ ಎಷ್ಟು ಹೊತ್ತು ತೆರೆದಿರುತ್ತದೆ, ಫೋನು ಎತ್ತುವವರು ಸಂಬಳದ ನೌಕರರೋ ಬಿಡುವಾದಾಗ ಬರುವ ಪದಾಧಿಕಾರಿಯೋ, ಆಹಾರ ಸುರಕ್ಷತಾ ಪರವಾನಗಿ ಅಥವಾ ಉದ್ದಿಮೆ ಪರವಾನಗಿಯ ನವೀಕರಣ ಸಿಕ್ಕಿಹಾಕಿಕೊಂಡಾಗ ಯಾರು ಕಚೇರಿಗೆ ಹೋಗುತ್ತಾರೆ. ಕೊನೆಯ ಪ್ರಶ್ನೆಗೆ ಈಗ ಹೊಸ ತೂಕ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದ ಮೇಲೆ, ನಗರದ ಒಂದೇ ಕಚೇರಿಯಲ್ಲಿ ಪರಿಚಯವಿದ್ದ ಸಂಘಕ್ಕೆ ಐದು ಕಡೆ ಪರಿಚಯ ಬೇಕಾಗಿದೆ. ಜೆ.ಪಿ. ನಗರದ ಹೋಟೆಲಿಗೆ ಬೇಕಾದದ್ದು ತನ್ನ ಪಾಲಿಕೆಯ ಆರೋಗ್ಯಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತುವವರು. ದೆಹಲಿಯಲ್ಲಿ ಸಚಿವರ ಜೊತೆ ತೆಗೆಸಿಕೊಂಡ ಚಿತ್ರ ಆ ಕೆಲಸ ಮಾಡಿಕೊಡದು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಬೇಕು. ಸಾಮೂಹಿಕ ಲಾಭ ಹೇಗೂ ಸಿಗುತ್ತದೆಂದು ಎಲ್ಲರೂ ಶುಲ್ಕ ತಪ್ಪಿಸಿಕೊಂಡರೆ ಹೋರಾಡುವ ಸಂಘವೇ ಇರದು. ಇದನ್ನೇ ಓಲ್ಸನ್ ಪುಕ್ಕಟೆ ಸವಾರಿಯ ತೊಡಕೆಂದು ಗುರುತಿಸಿದ್ದು. ಆಹಾರ ತಲುಪಿಸುವ ಆ್ಯಪ್‌ಗಳ ಕಮಿಷನ್ ಮತ್ತು ಒಪ್ಪಂದದ ಷರತ್ತುಗಳ ಬಗ್ಗೆ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟದ್ದು ಭಾರತೀಯ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ, 2022ರ ಏಪ್ರಿಲ್‌ನಲ್ಲಿ ಆಯೋಗ ತನಿಖೆಗೆ ಆದೇಶಿಸಿದ್ದು ಆ ದೂರಿನ ಮೇಲೆ. ಒಂದೊಂದು ದರ್ಶಿನಿಯೂ ತನ್ನ ಗಿರಾಕಿಗಳನ್ನು ತರುವ ಆ್ಯಪ್‌ನ ವಿರುದ್ಧ ಒಂಟಿಯಾಗಿ ದೂರು ಬರೆಯುವ ಧೈರ್ಯ ಮಾಡುವುದು ಅಪರೂಪ. ದೂರುದಾರನ ಹೆಸರನ್ನು ಗುಂಪಿನೊಳಗೆ ಮರೆಮಾಡುವುದೂ ಸಂಘ ಮಾಡುವ ಕೆಲಸಗಳಲ್ಲೊಂದು. ಆದ್ದರಿಂದ ತನ್ನ ಕಸುಬಿಗೆ ತೀರ ಹತ್ತಿರವಾದ ಒಂದು ಸಂಘಕ್ಕೆ, ಮೀಸಲು ಲಾಭ ಸ್ವಲ್ಪವೇ ಇದ್ದರೂ, ಚಿಕ್ಕ ಮೊತ್ತ ಕಟ್ಟುವುದು ನ್ಯಾಯವೇ. ಅದನ್ನು ಪಾಲು ಹಾಕಿಕೊಂಡ ಖರ್ಚೆಂದು ಬರೆದುಕೊಳ್ಳಬೇಕು, ಹೂಡಿಕೆಯೆಂದಲ್ಲ. ಈ ನ್ಯಾಯ ಒಂದು ಸಂಘಕ್ಕೆ ಸಾಕು, ನಾಲ್ಕಕ್ಕೆ ಚಾಚುವುದಿಲ್ಲ.

ಈಗ ಲೆಕ್ಕವನ್ನು ಅಂಕಿಗಳಲ್ಲಿ ಹಾಕಿ ನೋಡಬಹುದು. ಜೆ.ಪಿ. ನಗರದಲ್ಲಿ ದಿನಕ್ಕೆ 35,000 ರೂಪಾಯಿ ವ್ಯಾಪಾರವಿರುವ ಒಂದು ದರ್ಶಿನಿಯನ್ನು ಕಲ್ಪಿಸಿಕೊಳ್ಳೋಣ. ದಿನಸಿ, ಗ್ಯಾಸು, ಬಾಡಿಗೆ, ಸಂಬಳಗಳೆಲ್ಲ ಕಳೆದು ನೂರಕ್ಕೆ 12 ರೂಪಾಯಿ ಉಳಿಯುತ್ತದೆಂದೂ, ಅದರ ಮುಂದೆ ಎರಡು ರಸೀದಿ ಪುಸ್ತಕಗಳಿವೆಯೆಂದೂ ಇಟ್ಟುಕೊಳ್ಳೋಣ. ಇಲ್ಲಿ ಬಳಸಿದ ಶುಲ್ಕಗಳು ಯಾವ ಸಂಸ್ಥೆಯವೂ ಅಲ್ಲ, ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡವು. ಹೋಟೆಲುಗಾರರ ನಗರಮಟ್ಟದ ಸಂಘದ ವಾರ್ಷಿಕ ಶುಲ್ಕ 3,000 ರೂಪಾಯಿಯಾದರೆ ತೆರಿಗೆ ಸೇರಿ 3,540 ಆಗುತ್ತದೆ, ಅದನ್ನು ತುಂಬಲು ಬೇಕಾದ ಹೆಚ್ಚುವರಿ ವ್ಯಾಪಾರ 29,500 ರೂಪಾಯಿ, ಅಂದರೆ ಒಂದು ದಿನದ ವ್ಯಾಪಾರಕ್ಕಿಂತ ಕಡಿಮೆ. ಪರವಾನಗಿ ನವೀಕರಣಕ್ಕಾಗಿ ಮಧ್ಯವರ್ತಿಗೆ ಕೊಡುವ ಹಣ ಒಂದು ಸಲ ಉಳಿದರೂ ಲೆಕ್ಕ ಸರಿಹೋಗುತ್ತದೆ.

ಎರಡನೆಯದು ಗಿರಾಕಿ ಒದಗಿಸಿಕೊಳ್ಳುವ ವಾರದ ಗುಂಪು. ಅದರ ಶುಲ್ಕ 45,000 ರೂಪಾಯಿಯಾದರೆ ತೆರಿಗೆ ಸೇರಿ 53,100. ವಾರಕ್ಕೆ 500 ರೂಪಾಯಿಯಂತೆ 52 ವಾರದ ತಿಂಡಿಯ ಖರ್ಚು 26,000. ಒಟ್ಟು 79,100 ರೂಪಾಯಿ. ಇದನ್ನು ತುಂಬಲು ಸುಮಾರು 6.6 ಲಕ್ಷ ರೂಪಾಯಿಯ ಹೊಸ ವ್ಯಾಪಾರ, ಅಂದರೆ 19 ದಿನದ ಇಡೀ ವ್ಯಾಪಾರದಷ್ಟು, ಹೆಚ್ಚುವರಿಯಾಗಿ ಬರಬೇಕು. ಯಾರೋ ಶಿಫಾರಸು ಮಾಡಿದರೆಂದು 80 ರೂಪಾಯಿಯ ಖಾಲಿ ದೋಸೆ ಕಾಫಿಗೆ ಬರುವವರಿಂದ ಅಷ್ಟು ವ್ಯಾಪಾರ ಹುಟ್ಟದು, ಅಲ್ಲದೆ ಇಂಥ ಸಭೆಗಳು ಸೇರುವ ಬೆಳಗಿನ ಏಳರಿಂದ ಒಂಬತ್ತರ ಹೊತ್ತು ದರ್ಶಿನಿಯ ಮಾಲೀಕ ಗಲ್ಲಾದಲ್ಲಿ ಕೂರಲೇಬೇಕಾದ ಹೊತ್ತು. ಇದೇ ಗುಂಪು ಒಳಾಂಗಣ ವಿನ್ಯಾಸಗಾರ್ತಿಗೋ ಲೆಕ್ಕಪರಿಶೋಧಕನಿಗೋ ವರ್ಷಕ್ಕೆ ಎರಡೇ ಕೆಲಸ ತಂದುಕೊಟ್ಟರೂ ಲಾಭದಾಯಕವಾಗಬಹುದು. ಮದುವೆ ಮುಂಜಿಯ ಅಡುಗೆ ಗುತ್ತಿಗೆ ಹಿಡಿಯುವ ಹೋಟೆಲಿಗೂ ಆಗಬಹುದು. ಒಂದು ಗಿರಾಕಿಯಿಂದ ಬರುವ ಮೊತ್ತ ದೊಡ್ಡದಿದ್ದಷ್ಟೂ ಶಿಫಾರಸಿನ ಬೆಲೆ ಹೆಚ್ಚು, ಚಿಕ್ಕದಿದ್ದಷ್ಟೂ ಕಡಿಮೆ.

ಇವೆರಡರ ನಡುವೆ ನಿಲ್ಲುವವು ರಾಜ್ಯಮಟ್ಟದ ಮಹಾಸಂಸ್ಥೆಗಳು. 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿಯಾಗಿ ಹುಟ್ಟಿ ಇಂದು ಎಫ್‌ಕೆಸಿಸಿಐ ಎಂದು ಪರಿಚಿತವಾಗಿರುವ ಸಂಸ್ಥೆಯೂ, 1949ರಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ಆರಂಭವಾದ ಕಾಸಿಯಾ ಸಂಸ್ಥೆಯೂ ಈ ಬಗೆಯವು. ರಫ್ತು ಮಾಡುವವರಿಗೆ, ಸರಕು ಯಾವ ದೇಶದಲ್ಲಿ ತಯಾರಾಯಿತೆಂದು ದೃಢೀಕರಿಸುವ ಮೂಲ ಪ್ರಮಾಣಪತ್ರವನ್ನು ಕೊಡುವುದು ವಾಣಿಜ್ಯ ಮಂಡಳಿಗಳ ಒಂದು ನಿಜವಾದ ಸೇವೆ. ತಿಂಗಳಿಗೆ ಹಲವು ಸಲ ಮಸಾಲೆಪುಡಿಯನ್ನೋ ಊದುಬತ್ತಿಯನ್ನೋ ಹೊರದೇಶಕ್ಕೆ ಕಳುಹಿಸುವ ಬನಶಂಕರಿಯ ಘಟಕವು ಸದಸ್ಯರ ದರಕ್ಕೂ ಇತರರ ದರಕ್ಕೂ ಇರುವ ಅಂತರವನ್ನು ವರ್ಷದ ಪ್ರಮಾಣಪತ್ರಗಳ ಸಂಖ್ಯೆಯಿಂದ ಗುಣಿಸಿದರೆ ಉತ್ತರ ತಾನಾಗಿ ಸಿಗುತ್ತದೆ. ದರ್ಶಿನಿಗೆ ಆ ಪ್ರಮಾಣಪತ್ರ ಬೇಡ. ಅದು ವಿಚಾರಿಸಬೇಕಾದದ್ದು, ತನ್ನ ಕಸುಬಿನ ಸಂಘವೇ ಮಹಾಸಂಸ್ಥೆಗೆ ಸಂಯೋಜಿತವಾಗಿದೆಯೇ ಎಂಬುದನ್ನು. ಆಗಿದ್ದರೆ ಮೊದಲ ಶುಲ್ಕದಲ್ಲೇ ಎರಡನೆಯದರ ಪಾಲೂ ಸೇರಿರುತ್ತದೆ, ನೇರ ಸದಸ್ಯತ್ವ ಒಂದೇ ಸೇವೆಗೆ ಎರಡು ಸಲ ತೆತ್ತಂತೆ.

ಶುಲ್ಕದ ಮೇಲಿನ ತೆರಿಗೆಯ ಬಗ್ಗೆ ಎರಡು ಮಾತು ಅಗತ್ಯ. ಸದಸ್ಯರೇ ಸೇರಿ ಕಟ್ಟಿದ ಸಂಘ ಸದಸ್ಯರಿಗೇ ಕೊಡುವ ಸೇವೆ ತನಗೆ ತಾನೇ ಕೊಟ್ಟುಕೊಂಡಂತೆ, ಅದಕ್ಕೆ ತೆರಿಗೆ ಕೂಡದು ಎಂಬ ವಾದಕ್ಕೆ ಪರಸ್ಪರತ್ವದ ತತ್ತ್ವವೆಂದು ಹೆಸರು. 2021ರ ಹಣಕಾಸು ಕಾಯ್ದೆ ಆ ವಾದವನ್ನು ಜಿಎಸ್‌ಟಿಯ ಮಟ್ಟಿಗೆ 2017ರ ಜುಲೈಯಿಂದಲೇ ಅನ್ವಯಿಸುವಂತೆ ಬದಿಗೊತ್ತಿತು, ಭಾರತೀಯ ವೈದ್ಯಕೀಯ ಸಂಘದ ಕೇರಳ ಶಾಖೆ ಹೂಡಿದ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು 2025ರ ಏಪ್ರಿಲ್‌ನಲ್ಲಿ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದಿತು. ಕಾನೂನಿನ ವ್ಯಾಜ್ಯ ಹೇಗೇ ಇರಲಿ, ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇದೆಯೇ ಎಂದು ನೋಡುವುದು ಸುಲಭ: ಸಂಖ್ಯೆಯೇ ಇಲ್ಲದೆ ಶೇ. 18 ಸೇರಿಸಿದ ರಸೀದಿ ಸರಿಯಾದದ್ದಲ್ಲ, ಒಟ್ಟು ಆದಾಯ 20 ಲಕ್ಷ ಮೀರದ ಚಿಕ್ಕ ಸಂಘ ತೆರಿಗೆ ಸೇರಿಸಬೇಕಾಗಿಯೂ ಇಲ್ಲ. ಇನ್ನು ಆದಾಯ ತೆರಿಗೆಯಲ್ಲಿ ಸಂಘದ ಶುಲ್ಕವನ್ನು ವ್ಯಾಪಾರದ ಖರ್ಚೆಂದು ಕಳೆಯಬಹುದಾದರೂ, ವಹಿವಾಟಿನ ಶೇಕಡಾವಾರು ಲೆಕ್ಕದಲ್ಲಿ ಅಂದಾಜು ಲಾಭ ತೋರಿಸುವ ಸರಳ ಪದ್ಧತಿಯಲ್ಲಿರುವವರಿಗೆ ಪ್ರತ್ಯೇಕ ಕಡಿತ ಇಲ್ಲ. ಸಣ್ಣ ಹೋಟೆಲುಗಳು ಹಲವು ಈ ಪದ್ಧತಿಯಲ್ಲಿರುವುದರಿಂದ, ‘ಹೇಗೂ ತೆರಿಗೆಯಲ್ಲಿ ಕಳೆಯುತ್ತದೆ’ ಎಂಬ ಮಾತು ಅವುಗಳ ಪಾಲಿಗೆ ನಿಜವಲ್ಲ.

ಸಂಘದ ಒಳಗನ್ನು ತಿಳಿಯಲು ಎರಡು ಕಾಗದ ಸಾಕು: ಬೈಲಾ ಮತ್ತು ಹಿಂದಿನ ವರ್ಷದ ಲೆಕ್ಕಪರಿಶೋಧಿತ ಜಮಾಖರ್ಚು. ಇಲ್ಲಿನ ಎಷ್ಟೋ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ದಾಖಲಾದವು, ಆ ಕಾಯ್ದೆಯ ಪ್ರಕಾರ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜಮಾಖರ್ಚಿನಲ್ಲಿ ನೋಡಬೇಕಾದದ್ದು ಜಮೆಯ ಕಡೆ ಸದಸ್ಯರ ಶುಲ್ಕಕ್ಕೂ ಪ್ರಾಯೋಜಕರ ಹಣಕ್ಕೂ ಇರುವ ಪ್ರಮಾಣವನ್ನು. ಎಣ್ಣೆ, ಪ್ಯಾಕಿಂಗ್, ಅಡುಗೆ ಉಪಕರಣ ಮಾರುವ ಕಂಪನಿಗಳ ಪ್ರಾಯೋಜಕತ್ವದಿಂದಲೇ ಬಹುಪಾಲು ನಡೆಯುವ ಸಂಘಕ್ಕೆ ಸದಸ್ಯರು ಒಡೆಯರಾಗಿರುವುದಕ್ಕಿಂತ, ಮಳಿಗೆದಾರರಿಗೆ ತೋರಿಸಬೇಕಾದ ಜನಸಂಖ್ಯೆಯಾಗಿರುವ ಸಂಭವ ಹೆಚ್ಚು. ಖರ್ಚಿನ ಕಡೆ ವಾರ್ಷಿಕೋತ್ಸವ, ಸನ್ಮಾನ, ಶಾಲು ಹಾರಗಳ ಮೊತ್ತ ಕಚೇರಿ ಸಿಬ್ಬಂದಿಯ ಸಂಬಳವನ್ನು ಮೀರಿದ್ದರೆ, ಮಂಗಳವಾರ ಫೋನು ಎತ್ತುವವರು ಯಾರೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಂತೆ. ಬೈಲಾದಲ್ಲಿ ನೋಡಬೇಕಾದದ್ದು ಮತದಾನದ ಹಕ್ಕನ್ನು, ಏಕೆಂದರೆ ‘ಸಹ ಸದಸ್ಯ’ ಎಂದು ಸೇರಿಸಿಕೊಂಡವರಿಗೆ ಕೆಲವೆಡೆ ಮತವೇ ಇರುವುದಿಲ್ಲ. ಕಾಯ್ದೆಯ ಪ್ರಕಾರ ಮೂರನೆಯ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸಂಘದ ವ್ಯವಹಾರದ ವಿಚಾರಣೆ ನಡೆಸಲೇಬೇಕು. ಆದರೆ ಅಷ್ಟು ಸಹಿ ಕೂಡಿಸುವ ಶ್ರಮವನ್ನು ನೆನೆದರೆ, ಸೇರುವ ಮೊದಲೇ ಕಾಗದ ನೋಡುವುದು ಎಷ್ಟೋ ಅಗ್ಗ.

ಆಜೀವ ಸದಸ್ಯತ್ವದ ಆಮಿಷವೂ ಇಲ್ಲೇ ಬರುತ್ತದೆ. ವಾರ್ಷಿಕ ಶುಲ್ಕ 3,000, ಆಜೀವ ಶುಲ್ಕ 30,000 ಎಂದಾದರೆ ಹತ್ತು ವರ್ಷದಲ್ಲಿ ಹಣ ತೀರುತ್ತದೆಂದು ತೋರುತ್ತದೆ. ಆದರೆ 30,000 ರೂಪಾಯಿ ಶೇ. 7ರ ಠೇವಣಿಯಲ್ಲಿದ್ದರೆ ಬರುವ ಬಡ್ಡಿಯನ್ನು ಸೇರಿಸಿದಾಗ, ಶುಲ್ಕ ಏರದೆ ಇದ್ದರೆ, ಸಮವಾಗಲು 15ರಿಂದ 18 ವರ್ಷ ಬೇಕು. ಜಯನಗರದ ಬಾಡಿಗೆ ಕಟ್ಟಡದಲ್ಲಿ ಒಂದೇ ಹೋಟೆಲು ಅಷ್ಟು ಕಾಲ ನಡೆಯುವುದೇ ವಿರಳ, ಸದಸ್ಯತ್ವ ಮಾಲೀಕನ ಹೆಸರಿನಲ್ಲಿದ್ದರೆ ಪಾಲುದಾರಿಕೆ ಬದಲಾದ ದಿನವೇ ಅದರ ಉಪಯೋಗ ಮುಗಿಯಬಹುದು. ಸಂಘದ ದೃಷ್ಟಿಯಿಂದಲೂ ಆಜೀವ ಶುಲ್ಕ ಮೂಲನಿಧಿಗೆ ಹೋಗಿ ಅದರ ಬಡ್ಡಿಯಷ್ಟೇ ಖರ್ಚಾಗಬೇಕು. ಆ ಹಣವನ್ನು ಆಯಾ ವರ್ಷದ ಆದಾಯವೆಂದೇ ತೋರಿಸಿ ತೀರಿಸುವ ಸಂಘ ಮುಂದಿನ ವರ್ಷ ಹೊಸ ಆಜೀವ ಸದಸ್ಯರನ್ನು ಹುಡುಕಲೇಬೇಕಾಗುತ್ತದೆ.

ಉಳಿದಿರುವುದು ಲಾಭಕ್ಕಾಗಿ ಅಲ್ಲ, ಹೆದರಿಕೆಯಿಂದ ಕಟ್ಟುವ ಶುಲ್ಕ. ಔಷಧ ವ್ಯಾಪಾರದಲ್ಲಿ ಹೊಸ ಸಗಟುದಾರನನ್ನು ಕಂಪನಿ ನೇಮಿಸಿಕೊಳ್ಳುವ ಮುನ್ನ ವರ್ತಕರ ಸಂಘದ ನಿರಾಕ್ಷೇಪಣಾ ಪತ್ರ ತರಬೇಕೆಂಬ ರೂಢಿ ದೇಶದ ಹಲವೆಡೆ ಇತ್ತು. ಬೆಂಗಳೂರಿನ ಮಾರುತಿ ಅಂಡ್ ಕಂಪನಿ ಎಂಬ ಸಂಸ್ಥೆ ಇದರ ವಿರುದ್ಧ ಸ್ಪರ್ಧಾ ಆಯೋಗಕ್ಕೆ ಹೋಯಿತು, 2016ರಲ್ಲಿ ಆಯೋಗ ಕರ್ನಾಟಕದ ಔಷಧ ವರ್ತಕರ ಸಂಘಕ್ಕೂ ಔಷಧ ಕಂಪನಿ ಲುಪಿನ್‌ಗೂ ದಂಡ ವಿಧಿಸಿತು. ಅದರ ಹಿಂದಿನ ವರ್ಷ ಡಬ್ಬಿಂಗ್ ಚಿತ್ರಗಳನ್ನು ತಡೆದದ್ದಕ್ಕಾಗಿ, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೂ ದಂಡ ಬಿದ್ದಿತ್ತು. ವ್ಯಾಪಾರಕ್ಕೆ ಅನುಮತಿ ಕೊಡುವ ಅಧಿಕಾರ ಪರವಾನಗಿ ಇಲಾಖೆಯದು, ಸಂಘದ್ದಲ್ಲ. ಸದಸ್ಯತ್ವವಿಲ್ಲದೆ ಸರಕು ಸಿಗದು ಎಂದು ಹೇಳುವ ಸಂಘ ಶುಲ್ಕಕ್ಕೆ ಕಾರಣ ಕೊಡುತ್ತಿಲ್ಲ, ಕಾನೂನು ಮುರಿಯುತ್ತಿದೆ. ಸದಸ್ಯರೆಲ್ಲ ಒಂದೇ ದರಕ್ಕೆ ದೋಸೆ ಮಾರಬೇಕೆಂದು ಸಭೆಯಲ್ಲಿ ಗೊತ್ತುವಳಿ ಮಾಡುವ ಸಂಘವೂ ಸ್ಪರ್ಧಾ ಕಾಯ್ದೆಯ ಅಂಚಿನಲ್ಲಿ ನಿಂತಿರುತ್ತದೆ, ಆ ಗೊತ್ತುವಳಿಯ ಪುಸ್ತಕದಲ್ಲಿ ಹಾಜರಿ ಸಹಿ ಹಾಕಿದವರೂ ತನಿಖೆಯಲ್ಲಿ ಉತ್ತರಿಸಬೇಕಾಗಬಹುದು.

ಮೇಲೆ ಕಲ್ಪಿಸಿಕೊಂಡ ದರ್ಶಿನಿ ಈ ಲೆಕ್ಕದ ಪ್ರಕಾರ ಹೋಟೆಲುಗಾರರ ಸಂಘಕ್ಕೆ ಒಂದು ವರ್ಷಕ್ಕಷ್ಟೇ ಶುಲ್ಕ ಕಟ್ಟಿ, ವಾರದ ಗುಂಪಿಗೂ ಮಹಾಸಂಸ್ಥೆಯ ನೇರ ಸದಸ್ಯತ್ವಕ್ಕೂ ಬೇಡವೆನ್ನುತ್ತದೆ. ಮುಂದಿನ ನವೀಕರಣದ ಹೊತ್ತಿಗೆ ಅದರ ಕಡತದಲ್ಲಿ ಸಂಘದ ಕಚೇರಿಗೆ ಎಷ್ಟು ಸಲ ಫೋನು ಮಾಡಲಾಯಿತು, ಎಷ್ಟು ಸಲ ಕೆಲಸವಾಯಿತು, ಸರ್ವ ಸದಸ್ಯರ ಸಭೆಯ ನೋಟಿಸು ಲೆಕ್ಕಪತ್ರದೊಂದಿಗೆ ಬಂದಿತೇ ಎಂಬ ಮೂರು ಸಾಲಿನ ಟಿಪ್ಪಣಿ ಇರಬೇಕು. ಮುಂದುವರಿಸದಿರಲು ನಿರ್ಧರಿಸಿದರೆ ಸುಮ್ಮನೆ ಶುಲ್ಕ ನಿಲ್ಲಿಸದೆ ರಾಜೀನಾಮೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಏಕೆಂದರೆ ಕೆಲವು ಬೈಲಾಗಳ ಪ್ರಕಾರ ಹೆಸರು ತೆಗೆದುಹಾಕುವವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ.